ಮೊಳೆಗೆ ತೂಗಿದ ಸರಪಳಿಯ ಲೆಕ್ಕ

ಗೋಡೆಯ ಒಂದು ಮೊಳೆಗೆ ಒಂದು ಮೀಟರ್ ಉದ್ದದ, ಸಣ್ಣ ಕೊಂಡಿಗಳ ಸರಪಳಿಯನ್ನು ನೇತುಹಾಕಿ. ಪಕ್ಕದ ಮೊಳೆಗೆ ಅಷ್ಟೇ ಉದ್ದದ ದಾರ ಕಟ್ಟಿ, ಅದರ ತುದಿಗೆ ಒಂದು ಸಣ್ಣ ಕಲ್ಲು ಕಟ್ಟಿ. ಎರಡನ್ನೂ ಒಂದಿಷ್ಟು ಪಕ್ಕಕ್ಕೆ ಸರಿಸಿ ಬಿಟ್ಟು, ಹತ್ತು ಸಲ ಹೋಗಿ ಬರಲು ಎಷ್ಟು ಹೊತ್ತು ಬೇಕೆಂದು ಎಣಿಸಿ. ಕಲ್ಲಿಗೆ ಸುಮಾರು 20 ಸೆಕೆಂಡು ಹಿಡಿಯುತ್ತದೆ. ಸರಪಳಿ 16.7 ಸೆಕೆಂಡಿನಲ್ಲೇ ಮುಗಿಸುತ್ತದೆ. ಉದ್ದ ಒಂದೇ, ಭೂಮಿಯ ಸೆಳೆತವೂ ಒಂದೇ. ಆದರೆ ಕಲ್ಲಿನ ಭಾರವೆಲ್ಲ ತುದಿಯಲ್ಲಿದೆ, ಸರಪಳಿಯ ಭಾರ ಮೇಲಿನಿಂದ ಕೆಳಗಿನವರೆಗೆ ಹರಡಿಕೊಂಡಿದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಸ್ವಾರಸ್ಯದ್ದು. ದಾರಕ್ಕೆ ಕಟ್ಟಿದ ಕಲ್ಲು ತೂಗುವುದು ಒಂದೇ ಬಗೆಯಲ್ಲಿ. ಸರಪಳಿಯ ಮೇಲ್ತುದಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಬೇಗ ಬೇಗ ಅಲುಗಿಸಿದರೆ ಅದು ಹಾವಿನಂತೆ ಬಳುಕುತ್ತದೆ: ಕೆಳಗಿನ ತುದಿ ಎಡಕ್ಕೆ ಹೋದಾಗ ನಡುಭಾಗ ಬಲಕ್ಕೆ. ಇವೆರಡರ ನಡುವೆ ಅಲುಗದೆ ನಿಲ್ಲುವ ಒಂದು ಕೊಂಡಿ ಇರುತ್ತದೆ. ಇನ್ನೂ ಬೇಗ ಅಲುಗಿಸಿದರೆ ಅಲುಗದ ಕೊಂಡಿಗಳು ಎರಡಾಗುತ್ತವೆ. ಪ್ರತಿ ಸಲವೂ ತುದಿಯ ಬಳುಕು ಎಲ್ಲಕ್ಕಿಂತ ದೊಡ್ಡದು, ಮೇಲೆ ಹೋದಂತೆ ಬಳುಕು ಸಣ್ಣದು. ಆದರೆ ಸಣ್ಣದಾಗುವ ರೀತಿ ಬಲು ನಿಧಾನ. ಈ ನಿಧಾನ ಎಲ್ಲಿಂದ ಬರುತ್ತದೆ ಎಂಬುದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಈ ಸರಪಳಿಯ ಲೆಕ್ಕವನ್ನು ಮೊದಲು ಬಿಡಿಸಿದವರು ಸ್ವಿಸ್ ಗಣಿತಜ್ಞ ಡೇನಿಯಲ್ ಬರ್ನೌಲಿ. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯಲ್ಲಿದ್ದಾಗ ಕೈಗೆತ್ತಿಕೊಂಡ ಈ ಕೆಲಸ 1738ರಲ್ಲಿ ಅಚ್ಚಾಯಿತು. ಇಂದು ಈ ಸಮೀಕರಣಕ್ಕಿರುವ ಹೆಸರು ಜರ್ಮನ್ ಖಗೋಳಜ್ಞ ಬೆಸೆಲ್ ಅವರದು. ಅವರು ಹುಟ್ಟಿದ್ದೇ 1784ರಲ್ಲಿ. ಗ್ರಹಗಳ ಚಲನೆಯ ಲೆಕ್ಕಕ್ಕಾಗಿ 1824ರಲ್ಲಿ ಇಡೀ ಕುಟುಂಬದ ಫಲನಗಳನ್ನು ಕ್ರಮವಾಗಿ ಅಧ್ಯಯನ ಮಾಡಿದ್ದರಿಂದ ಹೆಸರು ಅವರಿಗೆ ಸಂದಿತು. ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನ ಫೂರಿಯೇ ತಮ್ಮ ಶಾಖದ ಗ್ರಂಥದಲ್ಲಿ, ಉರುಳೆಯಾಕಾರದ ಕಂಬವೊಂದು ಹೇಗೆ ತಣಿಯುತ್ತದೆ ಎಂದು ಕೇಳಿಕೊಂಡಾಗಲೂ ಇದೇ ಸಮೀಕರಣ ಎದುರಾಗಿತ್ತು. ಉರುಳೆಯ ಸಮೀಕರಣ ಎಂಬ ಹೆಸರು ಇದಕ್ಕೆ ಒಪ್ಪುವುದು ಆ ಕಾರಣದಿಂದ. ಆ ಕುಟುಂಬದಲ್ಲಿ ಅತ್ಯಂತ ಸರಳವಾದದ್ದು ಸೊನ್ನೆಯ ದರ್ಜೆಯದು, ಅಂದರೆ ನಡುವಿನ ಸುತ್ತ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಇರುವಂಥದ್ದು.

ಸರಪಳಿಯಿಂದ ಸಮೀಕರಣ ಹುಟ್ಟುವ ಬಗೆಯನ್ನು ಮಾತಿನಲ್ಲೇ ಹೇಳಬಹುದು. ಎತ್ತರವನ್ನು ಕೆಳಗಿನ ತುದಿಯಿಂದ ಅಳೆಯೋಣ. ಯಾವುದೇ ಕೊಂಡಿಯ ಮೇಲಿರುವ ಎಳೆತ ಎಂದರೆ ಅದರ ಕೆಳಗೆ ನೇತಾಡುತ್ತಿರುವ ಸರಪಳಿಯ ಭಾರ. ತುದಿಯಲ್ಲಿ ಎಳೆತ ಸೊನ್ನೆ, ಮೊಳೆಯ ಬಳಿ ಪೂರ್ತಿ ಭಾರ, ನಡುವೆ ಎತ್ತರಕ್ಕೆ ತಕ್ಕಷ್ಟು. ಸರಪಳಿ ಓರೆಯಾದ ಕಡೆ ಈ ಎಳೆತ ಕೊಂಡಿಯನ್ನು ಪಕ್ಕಕ್ಕೆ ಸೆಳೆಯುತ್ತದೆ. ಒಂದು ತುಂಡಿನ ಮೇಲ್ಗಡೆಯ ಸೆಳೆತಕ್ಕೂ ಕೆಳಗಡೆಯ ಸೆಳೆತಕ್ಕೂ ಇರುವ ವ್ಯತ್ಯಾಸವೇ ಆ ತುಂಡನ್ನು ತೂಗಿಸುವ ಬಲ. ಇದನ್ನು ಬರೆದು, ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುವ ಒಂದು ಹೊಸ ಅಳತೆಯನ್ನು x ಎಂದು ಕರೆದರೆ, ಉಳಿಯುವುದು ಇಷ್ಟು:

y'' + y'/x + y = 0

ಇಲ್ಲಿ y ಎಂದರೆ ಆ ಜಾಗದಲ್ಲಿ ಸರಪಳಿ ಪಕ್ಕಕ್ಕೆ ಎಷ್ಟು ಸರಿದಿದೆ ಎಂಬುದು. y' ಅದರ ಓರೆ, y'' ಆ ಓರೆ ಬದಲಾಗುವ ದರ. ನಡುವಿನ y'/x ಇರದಿದ್ದರೆ ಇದು ಕಾಲೇಜಿನ ಮಕ್ಕಳಿಗೂ ಗೊತ್ತಿರುವ ಸ್ಪ್ರಿಂಗಿನ ಸಮೀಕರಣ, ಉತ್ತರ ಕೊಸೈನ್. ಎಂದೂ ಕುಗ್ಗದ, ಎಂದೂ ನಿಲ್ಲದ ಅಲೆ ಅದು. ಕಥೆಯೆಲ್ಲ ಆ ನಡುವಿನ ಪದದಲ್ಲಿದೆ.

ಬರ್ನೌಲಿಯ ದಾರಿ ನೇರವಾದದ್ದು. ಉತ್ತರ ಗೊತ್ತಿಲ್ಲದಿದ್ದರೆ ಅದನ್ನು x ನ ಘಾತಗಳ ಉದ್ದ ಸಾಲಾಗಿ ಬರೆದುಕೊಂಡು, ಪ್ರತಿ ಘಾತದ ಮುಂದಿನ ಸಹಗುಣಕ ಎಷ್ಟಿರಬೇಕೆಂದು ಸಮೀಕರಣವನ್ನೇ ಕೇಳುವುದು.

y = a₀ + a₁x + a₂x² + a₃x³ + …

ಯಾವುದಾದರೂ ಒಂದು ಪದವನ್ನು, ಹೇಳಿ xⁿ ಅನ್ನು, ಸಮೀಕರಣದ ಮೊದಲ ಎರಡು ಭಾಗಗಳಿಗೆ ಹಾಕಿ ನೋಡಿ. y'' ನಿಂದ n(n−1) ಬರುತ್ತದೆ, y'/x ನಿಂದ n ಬರುತ್ತದೆ. ಎರಡೂ ಅಂಟಿಕೊಂಡಿರುವುದು xⁿ⁻² ಎಂಬ ಒಂದೇ ಘಾತಕ್ಕೆ. ಕೂಡಿದರೆ n(n−1) + n, ಅಂದರೆ ಅಚ್ಚುಕಟ್ಟಾಗಿ n². ಇದನ್ನು ರದ್ದು ಮಾಡಬೇಕಾದದ್ದು ಮೂರನೆಯ ಭಾಗವಾದ y ಒಳಗಿರುವ, ಎರಡು ಮೆಟ್ಟಿಲು ಹಿಂದಿನ ಪದ. ಹಾಗಾಗಿ ನಿಯಮ ಇದು:

n² aₙ = −aₙ₋₂

ಪ್ರತಿ ಸಹಗುಣಕವೂ ತನಗಿಂತ ಎರಡು ಮೆಟ್ಟಿಲು ಹಿಂದಿನದನ್ನು n² ನಿಂದ ಭಾಗಿಸಿ, ಚಿಹ್ನೆ ಬದಲಿಸಿದರೆ ಸಿಗುತ್ತದೆ. a₁ ಸೊನ್ನೆಯಾಗಲೇಬೇಕು. ಇಲ್ಲದಿದ್ದರೆ y'/x ಒಳಗೆ a₁/x ಎಂಬ ಪದ ಉಳಿದು, ಸರಪಳಿಯ ತುದಿಯಲ್ಲಿ ಅದು ಮಿತಿಮೀರಿ ಬೆಳೆಯುತ್ತದೆ, ಅದನ್ನು ರದ್ದು ಮಾಡುವ ಪದ ಬೇರೆ ಯಾವುದೂ ಇಲ್ಲ. a₁ ಹೋದರೆ ಅದರ ಹಿಂದೆ ಬೆಸಸಂಖ್ಯೆಯ ಘಾತಗಳೆಲ್ಲ ಹೋದವು. a₀ ಅನ್ನು 1 ಎಂದಿಟ್ಟುಕೊಂಡರೆ, ಎರಡರ ವರ್ಗ 4, ನಾಲ್ಕರ ವರ್ಗ 16, ಆರರ ವರ್ಗ 36:

J₀(x) = 1 − x²/4 + x⁴/64 − x⁶/2304 + x⁸/147456 − …

64 ಎಂದರೆ 4×16. 2304 ಎಂದರೆ 4×16×36. ಇದನ್ನು J₀ ಎಂದು ಕರೆಯುವುದು ರೂಢಿ. ಛೇದಗಳು ಎಷ್ಟು ಬೇಗ ಬೆಳೆಯುತ್ತವೆಂದರೆ x ಎಷ್ಟೇ ದೊಡ್ಡದಾದರೂ ಕೊನೆಗೆ ಪದಗಳು ಸೊನ್ನೆಯತ್ತ ಕುಸಿದು, ಮೊತ್ತ ಒಂದು ಖಚಿತ ಸಂಖ್ಯೆಯಲ್ಲಿ ನಿಲ್ಲುತ್ತದೆ.

ಕೈಲೆಕ್ಕದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. x = 2 ಎಂದಿಟ್ಟರೆ ಪದಗಳು 1 − 1 + 0.25 − 0.02778 + 0.00174 − 0.00007 ಎಂದು ಬರುತ್ತವೆ. ಮೊತ್ತ 0.2239. x = 3 ಎಂದಿಟ್ಟರೆ 1 − 2.25 + 1.26563 − 0.31641 + 0.04449 − 0.00400 + 0.00025. ಮೊತ್ತ −0.2600. ಅಂದರೆ 2ಕ್ಕೂ 3ಕ್ಕೂ ನಡುವೆ ಎಲ್ಲೋ y ಸೊನ್ನೆಯನ್ನು ದಾಟಿದೆ. 2.4 ಹಾಕಿ ನೋಡಿದರೆ 0.0025, ಹತ್ತಿರ ಬಂದೇಬಿಟ್ಟೆವು. ನಿಜವಾದ ಜಾಗ 2.4048. ಸರಪಳಿಗೆ ಇದರ ಅರ್ಥ ಸರಳ: ಮೊಳೆಯ ಬಳಿ ಸರಪಳಿ ಅಲುಗುವಂತಿಲ್ಲ, ಆದ್ದರಿಂದ ಮೊಳೆ ಇರಬೇಕಾದದ್ದು y ಸೊನ್ನೆಯಾಗುವ ಜಾಗದಲ್ಲಿ. ಈ 2.4048 ಅನ್ನು ಎತ್ತರ ಮತ್ತು ಸೆಳೆತದ ಲೆಕ್ಕಕ್ಕೆ ಮರಳಿ ಹಾಕಿದರೆ, ಒಂದು ಮೀಟರಿನ ಸರಪಳಿ 69 ಸೆಂಟಿಮೀಟರ್ ದಾರದ ಲೋಲಕದಂತೆ ತೂಗುತ್ತದೆ ಎಂದು ಬರುತ್ತದೆ. ಒಂದು ತೂಗಿಗೆ 1.67 ಸೆಕೆಂಡು. ಹತ್ತಕ್ಕೆ 16.7 ಎಂದು ಆರಂಭದಲ್ಲಿ ಹೇಳಿದ್ದು ಇಲ್ಲಿಂದ ಬಂದದ್ದು.

ಈ ಸಾಲನ್ನು ಕೊಸೈನಿನ ಸಾಲಿನ ಪಕ್ಕದಲ್ಲಿಟ್ಟು ನೋಡಿದಾಗ ಒಂದು ಬೆರಗು ಕಾದಿದೆ. ಸ್ಪ್ರಿಂಗಿನ ಸಮೀಕರಣದಲ್ಲಿ y'/x ಇಲ್ಲ, ಹಾಗಾಗಿ ಅಲ್ಲಿ ಭಾಜಕ n² ಆಗಿರದೆ n(n−1) ಆಗಿರುತ್ತದೆ. ಕೊಸೈನಿನ ಸಹಗುಣಕಗಳು 1/2, 1/24, 1/720. ನಮ್ಮವು 1/4, 1/64, 1/2304. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸಿಗುವುದು 1/2, 3/8, 5/16. ಸಂಭಾವ್ಯತೆ ಓದಿದವರಿಗೆ ಈ ಸಂಖ್ಯೆಗಳು ಪರಿಚಿತ. ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ತಲೆಯೂ ಬಾಲವೂ ಸಮಸಮ ಬೀಳುವ ಸಾಧ್ಯತೆ 1/2. ನಾಲ್ಕು ಸಲ ಚಿಮ್ಮಿದಾಗ 3/8. ಆರು ಸಲ ಚಿಮ್ಮಿದಾಗ 5/16. ಮುಂದಕ್ಕೂ ಹೀಗೆಯೇ, ತಪ್ಪದೆ.

ಚಿಮ್ಮುವ ಸಲ ಹೆಚ್ಚಾದಂತೆ ಸರಿಯಾಗಿ ಸಮಸಮ ಬೀಳುವ ಸಾಧ್ಯತೆ ಕುಗ್ಗುತ್ತದೆ, ಆದರೆ ನಿಧಾನವಾಗಿ. ನೂರು ಸಲ ಚಿಮ್ಮಿದರೂ ಅದು ನೂರಕ್ಕೆ 8ರಷ್ಟು ಉಳಿದಿರುತ್ತದೆ. 2k ಸಲ ಚಿಮ್ಮಿದರೆ ಅದು ಸುಮಾರು 1/√(πk), ಅಂದರೆ ವರ್ಗಮೂಲದ ನಿಧಾನಗತಿ. ಕೊಸೈನಿನ ಪ್ರತಿ ಪದವನ್ನೂ ಇಷ್ಟಿಷ್ಟು ಕಡಿತ ಮಾಡಿದರೆ J₀ ಸಿಗುತ್ತದೆ. ಯಾವುದೇ x ಗೆ ಸಾಲಿನ ಅತಿ ದೊಡ್ಡ ಪದಗಳು ಇರುವುದು k ಸುಮಾರು x/2 ಇರುವ ಕಡೆ. ಅಲ್ಲಿನ ಕಡಿತವನ್ನು ಬರೆದರೆ √(2/(πx)). ಮುಂದೆ ನೋಡುವಂತೆ, J₀ ಎಂಬ ಅಲೆಯ ಎತ್ತರವೂ ಇದೇ. ಇದನ್ನು ಸಾಧನೆಯೆಂದು ಕರೆಯಲಾರೆ. ಚಿಹ್ನೆ ಬದಲಾಗುತ್ತ ಹೋಗುವ ಸಾಲಿನಲ್ಲಿ ದೊಡ್ಡ ಪದಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಆದ್ದರಿಂದ ಪದಗಳ ಗಾತ್ರ ನೋಡಿ ಮೊತ್ತದ ಗಾತ್ರ ಹೇಳುವುದು ಸಲ್ಲ. ಆದರೆ ಇಂಥ ಸುಳಿವು ಸಿಕ್ಕಾಗ ಕಾರಣವನ್ನು ಹುಡುಕದೆ ಬಿಡಲು ಮನಸ್ಸಾಗುವುದಿಲ್ಲ.

ಕಾರಣಕ್ಕೆ ಹೋಗುವ ಮುನ್ನ, ಈ ಅಳಿಸಿಹಾಕುವಿಕೆ ಲೆಕ್ಕ ಮಾಡುವವರಿಗೆ ಒಡ್ಡುವ ಬಲೆಯನ್ನು ಹೇಳಿಬಿಡಬೇಕು. ಸಾಲು ಎಲ್ಲ x ಗೂ ಸರಿ ಎಂದೆ. ಕಾಗದದ ಮೇಲೆ ಸರಿ. x = 10 ಆದಾಗ ಅತಿ ದೊಡ್ಡ ಪದಗಳು 678ರಷ್ಟಿರುತ್ತವೆ, ಉತ್ತರ −0.2459. x = 20 ಆದಾಗ ಅತಿ ದೊಡ್ಡ ಪದ 75,94,058. ಉತ್ತರ 0.167. ಬೆಟ್ಟಗಳನ್ನು ಕೂಡಿ ಕಳೆದು ಕೊನೆಗೆ ಒಂದು ಸಾಸಿವೆಕಾಳನ್ನು ಉಳಿಸಿಕೊಳ್ಳುವ ಲೆಕ್ಕ ಇದು. x = 30ಕ್ಕೆ ಬರುವಾಗ ದೊಡ್ಡ ಪದ ಹನ್ನೊಂದು ಸಾವಿರ ಕೋಟಿಯನ್ನು ದಾಟಿರುತ್ತದೆ. ಹತ್ತು ಅಂಕಿಗಳನ್ನು ಮಾತ್ರ ಹಿಡಿದಿಡುವ ಕ್ಯಾಲ್ಕುಲೇಟರಿನಲ್ಲಿ ಅಂಥ ಪದದ ಕೊನೆಯ ಅಂಕಿಯೇ ನೂರರ ಸ್ಥಾನದ್ದು, ದಶಾಂಶ ಬಿಂದುವಿನ ನಂತರದ ಅಂಕಿಗಳ ಮಾತೇ ಬೇಡ. ಕೂಡಿಸಿದರೆ ಒಂದು ಸಂಖ್ಯೆ ಬರುತ್ತದೆ, ಆದರೆ ಅದು ಬರೀ ಕಸ. ನಿಜವಾದ ಉತ್ತರ −0.0864.

ಕಸವೋ ಉತ್ತರವೋ ಎಂದು ತಿಳಿಯುವ ಒಂದು ಉಪಾಯ ಇದೆ. J₀ ನ ಬೆಲೆ, ಚಿಹ್ನೆ ಬಿಟ್ಟರೆ, √(2/(πx)) ಅನ್ನು ಎಂದೂ ಮೀರುವುದಿಲ್ಲ. x = 30ಕ್ಕೆ ಆ ಮಿತಿ 0.1457. ನಿಮ್ಮ ಮೊತ್ತ ಅದಕ್ಕಿಂತ ದೊಡ್ಡದಾದರೆ ಯಂತ್ರದ ಅಂಕಿಗಳು ಸಾಲದೆ ಹೋಗಿವೆ ಎಂದೇ ಅರ್ಥ. ದೊಡ್ಡ x ಗಳಿಗೆ ಸಾಲನ್ನು ಬಿಟ್ಟು √(2/(πx)) cos(x − π/4) ಎಂಬ ಹತ್ತಿರದ ಸೂತ್ರವನ್ನು ಬಳಸುವುದು ಲೇಸು. ಅದು x = 30ಕ್ಕೆ ಕೊಡುವುದು −0.0859. ಇಷ್ಟು ಚಿಕ್ಕ ಸೂತ್ರಕ್ಕೆ ಇದು ಒಳ್ಳೆಯ ಉತ್ತರ.

ಈಗ ಮುಖ್ಯ ಪ್ರಶ್ನೆ. ಮೇಲಿನ ಘಾತಗಳ ಸಾಲನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ತೂಗುತ್ತದೆಂದಾಗಲಿ, ಕುಗ್ಗುತ್ತದೆಂದಾಗಲಿ ಕಾಣುವುದಿಲ್ಲ. ಪ್ರತಿ ಪದವೂ x ಬೆಳೆದಂತೆ ಹುಚ್ಚಾಪಟ್ಟೆ ಬೆಳೆಯುವಂಥದ್ದೇ. ನಡವಳಿಕೆಯನ್ನು ತಿಳಿಯಲು ಸಾಲನ್ನು ಪಕ್ಕಕ್ಕಿಟ್ಟು ಸಮೀಕರಣಕ್ಕೇ ಮರಳಬೇಕು.

ಮೊದಲು ತೂಗುವುದೇಕೆ ಎಂದು ನೋಡೋಣ. ಸಮೀಕರಣವನ್ನು x ನಿಂದ ಗುಣಿಸಿದರೆ ಅದು ಹೇಳುವುದು ಇದು: x·y' ಎಂಬ ಗುಣಲಬ್ಧ ಬದಲಾಗುವ ದರ −x·y. ಆರಂಭದಲ್ಲಿ y ಧನಾತ್ಮಕ, ಓರೆ ಸೊನ್ನೆ. y ಧನಾತ್ಮಕವಾಗಿರುವಷ್ಟು ಕಾಲ x·y' ಇಳಿಯುತ್ತಲೇ ಹೋಗಬೇಕು. ಒಮ್ಮೆ ಅದು −c ಎಂಬ ಬೆಲೆಗೆ ಇಳಿದ ಮೇಲೆ, ಓರೆ ಯಾವಾಗಲೂ −c/x ಗಿಂತ ಕೆಳಗೆ. ಮುಂದೆ ಹೋದಂತೆ ಇಳಿಜಾರು ಮಂದವಾಗಬಹುದು, ಆದರೆ 1/x ನಷ್ಟು ಮಂದವಾದ ಇಳಿಜಾರೂ ಕೊನೆಗೆ ಎಷ್ಟು ಬೇಕಾದರೂ ಆಳಕ್ಕೆ ಇಳಿಸುತ್ತದೆ. 1 + 1/2 + 1/3 + 1/4 ಎಂದು ಕೂಡುತ್ತಾ ಹೋದರೆ ಮೊತ್ತಕ್ಕೆ ಮಿತಿ ಇಲ್ಲವಲ್ಲ, ಅದೇ ಇಲ್ಲಿಯೂ. ಹಾಗಾಗಿ y ಸೊನ್ನೆಯನ್ನು ದಾಟದೆ ವಿಧಿಯಿಲ್ಲ. ದಾಟಿದ ಮೇಲೆ y ಋಣಾತ್ಮಕ, ಈಗ x·y' ಏರತೊಡಗುತ್ತದೆ, ಓರೆ ತಿರುಗುತ್ತದೆ, ಅದೇ ವಾದ ತಲೆಕೆಳಗಾಗಿ ಮತ್ತೆ ನಡೆಯುತ್ತದೆ. ದಾಟುವುದು ಎಂದಿಗೂ ನಿಲ್ಲುವುದಿಲ್ಲ.

ಇನ್ನು ಕುಗ್ಗುವುದು. x ಅನ್ನು ಸದ್ಯಕ್ಕೆ ಗಡಿಯಾರದ ಕಾಲವೆಂದು ಭಾವಿಸಿಕೊಳ್ಳಿ. ಸ್ಪ್ರಿಂಗಿಗೆ ಕಟ್ಟಿದ ಗುಂಡು, ಅದರ ಜಾಗ y, ವೇಗ y'. ವೇಗದ ಜೊತೆ ಬರುವ ಪದ ಘರ್ಷಣೆ, ನೀರಿನಲ್ಲೋ ಎಣ್ಣೆಯಲ್ಲೋ ತೂಗುವಾಗ ಸಿಗುವ ತಡೆ. ಆದರೆ ಇಲ್ಲಿ ತಡೆಯ ಪ್ರಮಾಣ 1/x. ಹೊತ್ತು ಹೋದಂತೆ ಎಣ್ಣೆ ತೆಳುವಾಗುತ್ತಾ ಬರುತ್ತದೆ ಅನ್ನಿ. ಹತ್ತನೆಯ ಗಳಿಗೆಯಲ್ಲಿ ಹತ್ತನೆಯ ಒಂದು ಪಾಲು, ನೂರನೆಯ ಗಳಿಗೆಯಲ್ಲಿ ನೂರನೆಯ ಒಂದು ಪಾಲು.

ಗುಂಡಿನ ಶಕ್ತಿಯನ್ನು E = y² + y'² ಎಂದು ಅಳೆಯೋಣ. ಮೊದಲನೆಯದು ಸ್ಪ್ರಿಂಗಿನಲ್ಲಿ ಅಡಗಿದ್ದು, ಎರಡನೆಯದು ಚಲನೆಯದ್ದು. ಸಮೀಕರಣವನ್ನು ಬಳಸಿ E ಬದಲಾಗುವ ದರವನ್ನು ತೆಗೆದರೆ ಒಂದೇ ಪದ ಉಳಿಯುತ್ತದೆ: −2y'²/x. ಶಕ್ತಿ ಸೋರುವುದು ಘರ್ಷಣೆಯಿಂದ ಮಾತ್ರ, ಅದೂ ಗುಂಡು ಓಡುವಾಗ ಮಾತ್ರ. ತಡೆ ತೆಳುವಾದ ಮೇಲೆ ಒಂದು ತೂಗಿನೊಳಗೆ E ಹೆಚ್ಚು ಬದಲಾಗುವುದಿಲ್ಲ. ಆ ತೂಗಿನ ಸರಾಸರಿಯಲ್ಲಿ ಶಕ್ತಿಯ ಅರ್ಧ ಸ್ಪ್ರಿಂಗಿನದು, ಇನ್ನರ್ಧ ಚಲನೆಯದು. ಅಂದರೆ y'² ನ ಸರಾಸರಿ E/2. ಹಾಗಾದರೆ ಸೋರಿಕೆ ಸರಾಸರಿಯಲ್ಲಿ E/x. ಇದ್ದ ಶಕ್ತಿಯಲ್ಲಿ x ನೆಯ ಒಂದು ಪಾಲು. ಇದಕ್ಕೆ ಹೊಂದುವ ನಡವಳಿಕೆ ಒಂದೇ: E ಮತ್ತು x ಗಳ ಗುಣಲಬ್ಧ ಬದಲಾಗದೆ ನಿಲ್ಲುವುದು. x ಎರಡರಷ್ಟಾದರೆ ಶಕ್ತಿ ಅರ್ಧ. ಅಲೆಯ ಎತ್ತರ, ಭೌತಶಾಸ್ತ್ರದ ಪಠ್ಯಗಳಲ್ಲಿ ಪಾರ ಎನ್ನುತ್ತಾರಲ್ಲ ಅದು, ಶಕ್ತಿಯ ವರ್ಗಮೂಲ. ಆದ್ದರಿಂದ ಪಾರ 1/√x ನಂತೆ ಕುಗ್ಗುತ್ತದೆ. ಪಾರ ಅರ್ಧವಾಗಬೇಕಾದರೆ x ನಾಲ್ಕರಷ್ಟಾಗಬೇಕು. ನಾಣ್ಯ ಚಿಮ್ಮಿದಾಗ ಕಂಡ ವರ್ಗಮೂಲಕ್ಕೆ ಕಾರಣ ಸಿಕ್ಕಿತು.

ಸಾಮಾನ್ಯ ಘರ್ಷಣೆಯಿಂದ ಇದನ್ನು ಬೇರ್ಪಡಿಸುವುದು ಸುಲಭ. ಒಂದೇ ಸಮನಾದ ಎಣ್ಣೆಯಲ್ಲಿ ತೂಗುವ ಗುಂಡಿನ ಪ್ರತಿ ತೂಗೂ ಹಿಂದಿನದರ ಇಂತಿಷ್ಟೇ ಪಾಲು, ಆ ಪಾಲು ಎಂದೂ ಬದಲಾಗುವುದಿಲ್ಲ. J₀ ನ ಏರಿಳಿತಗಳ ತುದಿಗಳನ್ನು ಸಾಲಾಗಿ ಬರೆದರೆ: 1, 0.4028, 0.3001, 0.2497, 0.2184. ಮೊದಲ ಇಳಿತ ದೊಡ್ಡದು. ಅಲ್ಲಿಂದಾಚೆಗೆ ಪ್ರತಿಯೊಂದೂ ಹಿಂದಿನದರ 75, 83, 87 ಪ್ರತಿಶತ. ಈ ಪಾಲು ನೂರರತ್ತ ಏರುತ್ತಾ ಹೋಗುತ್ತದೆ, ಅಂದರೆ ಕುಗ್ಗುವಿಕೆಯೇ ಸುಸ್ತಾಗುತ್ತಾ ಬರುತ್ತದೆ. ಪಾರ ಹತ್ತನೆಯ ಒಂದು ಪಾಲಿಗೆ ಇಳಿಯುವುದು x ಸುಮಾರು 64 ಆದಾಗ. ನೂರನೆಯ ಒಂದು ಪಾಲಿಗೆ ಇಳಿಯಲು 6366ರವರೆಗೆ ಕಾಯಬೇಕು. ಅಷ್ಟರಲ್ಲಿ ಅಲೆ ಎರಡು ಸಾವಿರಕ್ಕೂ ಹೆಚ್ಚು ಸಲ ಸೊನ್ನೆಯನ್ನು ದಾಟಿರುತ್ತದೆ.

1/x ಎಂಬ ತಡೆ ಒಂದು ಅಂಚಿನಲ್ಲಿ ನಿಂತಿದೆ ಎನ್ನುವುದು ನನಗೆ ಈ ವಿಷಯದಲ್ಲಿ ಬಹಳ ಇಷ್ಟವಾದ ಸಂಗತಿ. ತಡೆ ಇದಕ್ಕಿಂತ ಬೇಗ, 1/x² ನಂತೆ ತೆಳುವಾಗಿದ್ದರೆ, ಒಟ್ಟು ತಡೆಗೆ ಒಂದು ಮಿತಿ ಇರುತ್ತಿತ್ತು; ಅಲೆ ಸ್ವಲ್ಪ ಕುಗ್ಗಿ, ಬಳಿಕ ಒಂದು ಎತ್ತರದಲ್ಲಿ ಶಾಶ್ವತವಾಗಿ ನಿಲ್ಲುತ್ತಿತ್ತು. ತೆಳುವಾಗದೆಯೇ ಇದ್ದಿದ್ದರೆ ಬೇಗ ಸತ್ತುಹೋಗುತ್ತಿತ್ತು. 1/x ಇರುವುದರಿಂದ ಅದು ಸೊನ್ನೆಯತ್ತ ಹೋಗುತ್ತದೆ, ಆದರೆ ಹೋಗಲು ಅವಸರವಿಲ್ಲ. ಅಲೆ ಸೊನ್ನೆಯನ್ನು ದಾಟಲೇಬೇಕು ಎಂಬ ವಾದದಲ್ಲಿ ಬಂದ 1 + 1/2 + 1/3 ಎಂಬ ಮೊತ್ತವೇ ಇಲ್ಲಿಯೂ ಕೆಲಸ ಮಾಡಿದೆ.

ಶಕ್ತಿಯ ಈ ವಾದದಲ್ಲಿ J₀ ನ ಆರಂಭದ ಬೆಲೆಯನ್ನು ನಾವು ಎಲ್ಲಿಯೂ ಬಳಸಲಿಲ್ಲ. ಆದ್ದರಿಂದ ಸಮೀಕರಣದ ಎಲ್ಲ ಉತ್ತರಗಳೂ ಹೀಗೆಯೇ ಕುಗ್ಗುತ್ತವೆ. ಎರಡನೆಯ ಬಗೆಯ ಉತ್ತರವೊಂದಿದೆ, Y₀ ಎಂದು ಹೆಸರು. x ಸೊನ್ನೆಯ ಹತ್ತಿರ ಬಂದಂತೆ ಅದು ಲಾಗರಿದಮ್‌ನಂತೆ ತಳವಿಲ್ಲದ ಆಳಕ್ಕೆ ಇಳಿಯುತ್ತದೆ, ಹಾಗಾಗಿ ಘಾತಗಳ ಬರೀ ಸಾಲಿನಲ್ಲಿ ಅದು ಸಿಗುವುದಿಲ್ಲ, ಸರಪಳಿಯ ತುದಿಗೂ ಒಗ್ಗುವುದಿಲ್ಲ. ಆದರೆ ದೂರ ಹೋದ ಮೇಲೆ ಅದೂ ಅದೇ ಎತ್ತರದ, ಕಾಲು ಸುತ್ತು ಹಿಂದೆ ಸರಿದ ಅಲೆ. ನಡುವೆ ತೂತಿರುವ ಕೊಳವೆಯ ಲೆಕ್ಕಗಳಲ್ಲಿ, ಅಂದರೆ x = 0 ಎಂಬ ಜಾಗವೇ ಇಲ್ಲದ ಕಡೆ, ಅದನ್ನೂ ಬಳಸಬೇಕಾಗುತ್ತದೆ.

ಗುಂಡು, ಎಣ್ಣೆ ಎಂಬುದು ಅರ್ಥಮಾಡಿಕೊಳ್ಳಲು ಕಟ್ಟಿಕೊಂಡ ಚಿತ್ರ. ನಿಜವಾದ ಉರುಳೆಯಲ್ಲಿ, ಇಲ್ಲವೇ ದುಂಡನೆಯ ಚರ್ಮದ ಮೇಲೆ, x ಎಂಬುದು ನಡುವಿನಿಂದ ಇರುವ ದೂರ, ಅಲ್ಲಿ ಶಕ್ತಿಯನ್ನು ತಿನ್ನುವ ಎಣ್ಣೆ ಇಲ್ಲ. ಹಾಗಿದ್ದೂ ಕುಗ್ಗುವುದೇಕೆ? ನಿಂತ ಕೆರೆಗೆ ಕಲ್ಲೆಸೆದಾಗ ಹರಡುವ ಉಂಗುರವನ್ನು ನೆನೆಸಿಕೊಳ್ಳಿ. ದೂರ ಎರಡರಷ್ಟಾದರೆ ಉಂಗುರದ ಸುತ್ತಳತೆಯೂ ಎರಡರಷ್ಟು. ಇದ್ದಷ್ಟೇ ಶಕ್ತಿಯನ್ನು ಎರಡರಷ್ಟು ಉದ್ದಕ್ಕೆ ಹಂಚಬೇಕು. ತಲಾ ಅರ್ಧ ಶಕ್ತಿ, ಎತ್ತರ ವರ್ಗಮೂಲದಷ್ಟು ಕಡಿಮೆ. ಲೆಕ್ಕ ಕೂದಲೆಳೆಯಷ್ಟೂ ಬೇರೆಯಲ್ಲ: y'/x ಎಂಬ ಪದ ಉಂಗುರ ಹಿಗ್ಗುವುದರ ಗುರುತು. ಗೋಳದಾಕಾರದಲ್ಲಿ ಹರಡುವ ಸದ್ದಿಗೆ ಅದೇ ಪದ 2y'/x ಆಗುತ್ತದೆ, ಉತ್ತರ sin x / x, ಕುಗ್ಗುವುದು 1/x ನಂತೆ. ನೇರ ಗೆರೆಯಲ್ಲಿ ಸಾಗುವ ಅಲೆಗೆ ಆ ಪದವೇ ಇಲ್ಲ, ಕುಗ್ಗುವುದೂ ಇಲ್ಲ.

ಚರ್ಮದ ಮಾತು ಬಂದಿದ್ದರಿಂದ ಒಂದು ವಿಷಯ. ಒಂದೇ ದಪ್ಪದ ಚರ್ಮ ಬಿಗಿದ ವಾದ್ಯದಲ್ಲಿ ಉಂಗುರಾಕಾರದ ಕಂಪನಗಳು J₀ ಸೊನ್ನೆಯಾಗುವ ಜಾಗಗಳಿಂದ ತೀರ್ಮಾನವಾಗುತ್ತವೆ: 2.4048, 5.5201, 8.6537. ಎರಡನೆಯದು ಮೊದಲನೆಯದರ 2.295ರಷ್ಟು. ಪೂರ್ಣಸಂಖ್ಯೆಯಲ್ಲ, ಆದ್ದರಿಂದ ಬರೀ ಚರ್ಮ ಸ್ಪಷ್ಟವಾದ ಶ್ರುತಿ ಕೊಡುವುದಿಲ್ಲ. ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದ ಲೇಖನದಲ್ಲಿ, ಮೃದಂಗದ ನಡುವಿನ ಕಪ್ಪು ಕರಣೆಯ ಭಾರ ಈ ಅನುಪಾತಗಳನ್ನು ಹೇಗೆ ಪೂರ್ಣಸಂಖ್ಯೆಗಳ ಹತ್ತಿರಕ್ಕೆ ತರುತ್ತದೆಂದು ವಿವರಿಸಿದ್ದಾರೆ. ಕರಣೆ ಬಂದ ಕ್ಷಣ ಚರ್ಮ ಒಂದೇ ದಪ್ಪದ್ದಾಗಿ ಉಳಿಯುವುದಿಲ್ಲ, ನಮ್ಮ ಸಮೀಕರಣವೂ ಹಾಗೆಯೇ ಉಳಿಯುವುದಿಲ್ಲ.

ಸರಪಳಿಗೆ ಮರಳೋಣ, ಏಕೆಂದರೆ ಇಷ್ಟನ್ನೂ ಅಲ್ಲಿ ಅಳತೆಪಟ್ಟಿ ಹಿಡಿದು ನೋಡಬಹುದು. ಮೊಳೆಯನ್ನು ಎರಡನೆಯ ಸೊನ್ನೆಯ ಜಾಗದಲ್ಲಿ, 5.5201ರಲ್ಲಿ, ಇದೆಯೆಂದು ತೆಗೆದುಕೊಂಡರೆ ಹಾವಿನ ಬಳುಕಿನ ಮೊದಲ ಬಗೆ ಸಿಗುತ್ತದೆ. ಒಂದು ಮೀಟರ್ ಸರಪಳಿಗೆ ಒಂದು ತೂಗಿಗೆ 0.73 ಸೆಕೆಂಡು. ಎತ್ತರ x ನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಅಲುಗದ ಕೊಂಡಿ ಇರಬೇಕಾದದ್ದು 2.4048 ಮತ್ತು 5.5201ರ ಅನುಪಾತದ ವರ್ಗದಲ್ಲಿ: ಕೆಳಗಿನಿಂದ 19 ಸೆಂಟಿಮೀಟರ್. ಅದರ ಮೇಲಿನ ಉಬ್ಬು ಅತಿ ಹೆಚ್ಚಾಗುವುದು 48 ಸೆಂಟಿಮೀಟರಿನಲ್ಲಿ. ತುದಿ 5 ಸೆಂಟಿಮೀಟರ್ ಎಡಕ್ಕೆ ಹೋದರೆ ಆ ಉಬ್ಬು 2 ಸೆಂಟಿಮೀಟರ್ ಬಲಕ್ಕೆ ಹೋಗುತ್ತದೆ, 0.4028 ಎಂಬ ಸಂಖ್ಯೆ ಹೇಳಿದಂತೆ.

ಕೊಂಡಿಗಳು ಸಣ್ಣವಿರಲಿ, ದಪ್ಪ ಕೊಂಡಿಯ ಸರಪಳಿ ತುದಿಯ ಬಳಿ ಬಾಗದೆ ಸೆಟೆದುಕೊಂಡು ಲೆಕ್ಕ ಕೆಡಿಸುತ್ತದೆ. ತೂಗೂ ಸಣ್ಣದಿರಲಿ: ಎಳೆತ ಎಂದರೆ ಕೆಳಗಿನ ಭಾರ ಎಂದದ್ದು ಸರಪಳಿ ಹೆಚ್ಚುಕಡಿಮೆ ನೆಟ್ಟಗಿರುವವರೆಗೆ ಮಾತ್ರ ನಿಜ. ತುದಿ ಚಾಟಿಯಂತೆ ಬೀಸತೊಡಗಿದರೆ ಈ ಸಮೀಕರಣದ ಅಧಿಕಾರ ಅಲ್ಲಿಗೆ ಮುಗಿಯಿತು. ಕೈ ಪಳಗಿದ ಮೇಲೆ ಮೂರನೆಯ ಬಗೆಯನ್ನೂ ಎಬ್ಬಿಸಬಹುದು, ಒಂದು ತೂಗಿಗೆ 0.46 ಸೆಕೆಂಡು. ಅಲುಗದ ಕೊಂಡಿಗಳು 8 ಮತ್ತು 41 ಸೆಂಟಿಮೀಟರಿನ ಆಸುಪಾಸಿನಲ್ಲಿ, ಉಬ್ಬುಗಳು 20 ಮತ್ತು 66ರಲ್ಲಿ. ತುದಿ 5 ಸೆಂಟಿಮೀಟರ್ ಸರಿದಾಗ ಕೆಳಗಿನ ಉಬ್ಬು 2 ಸೆಂಟಿಮೀಟರ್ ಸರಿಯುತ್ತದೆ, ಅದಕ್ಕೂ ಮೇಲಿನದು ಒಂದೂವರೆ.